ಫೋಟೊ ನೋಡಿ ಇಸ್ತ್ರಿ ಪೆಟ್ಟಿಗೆ ಗುರುತಿಸೋದು ಹೇಗೆ?

ಕೇಳಿದವರು (ದಾವಣಗೆರೆ, ಹೊಲಿಗೆ ಕೆಲಸ): ಸೆಕೆಂಡ್ ಹ್ಯಾಂಡ್ ಮಾರುವವರು ಮೂರು ಫೋಟೊ ಕಳಿಸಿದ್ದಾರೆ. ಮೂರಕ್ಕೂ "ಐರನ್ ಬಾಕ್ಸ್" ಅಂತಲೇ ಬರೆದಿದ್ದಾರೆ. ಒಂದು ನೀಲಿ ಬಣ್ಣದ್ದು, ಪಕ್ಕದಿಂದ ತೆಗೆದದ್ದು. ಎರಡನೆಯದು ತಳ ಮೇಲೆ ಮಾಡಿ ತೆಗೆದದ್ದು. ಮೂರನೆಯದಕ್ಕೆ ಸ್ಟ್ಯಾಂಡು, ಉದ್ದನೆ ಪೈಪು ಇದೆ. ಯಾವುದು ಡ್ರೈ, ಯಾವುದು ಸ್ಟೀಮ್, ಯಾವುದು ಸ್ಟೀಮರ್? ನನಗೆ ಪ್ಯಾಂಟಿಗೆ ಗೆರೆ ಬೀಳಬೇಕು.

ಕಾಲೇಜು ಹುಡುಗ: ಸಿಂಪಲ್ ಅಕ್ಕಾ. ತಳದಲ್ಲಿ ತೂತು ಇದ್ದರೆ ಸ್ಟೀಮ್ ಐರನ್, ಇಲ್ಲದಿದ್ದರೆ ಡ್ರೈ. ಮತ್ತೆ ಬಟ್ಟೆ ಸುತ್ತಿದ ವೈರ್ ಇದ್ದರೆ ಡ್ರೈ ಅಂತ ಕಣ್ಣು ಮುಚ್ಚಿ ಹೇಳಬಹುದು.

ರಿಪೇರಿ ಅಂಗಡಿಯವರು: ತಮ್ಮಾ, ತೂತಿನ ಮಾತು ಅರ್ಧ ಸರಿ. ಸ್ಟೀಮರ್ ಮುಖಕ್ಕೂ ತೂತು ಇರುತ್ತದೆ. ವೈರ್ ಮಾತಂತೂ ನಂಬಬೇಡ. ಬಟ್ಟೆ ಸುತ್ತಿದ ವೈರ್ ಇರುವ ಸ್ಟೀಮ್ ಐರನ್ ನನ್ನ ಬೆಂಚಿನ ಮೇಲೆ ಈಗಲೂ ಇದೆ. ಕೆಲವು ಡ್ರೈ ಪೆಟ್ಟಿಗೆಗಳ ತಳದಲ್ಲಿ ಡಿಸೈನಿಗೆ ಅಂತ ಗುಳಿ ಒತ್ತಿರುತ್ತಾರೆ. ಮಸುಕು ಫೋಟೊದಲ್ಲಿ ಅವೂ ತೂತಿನ ಹಾಗೇ ಕಾಣುತ್ತವೆ.

ಅಕ್ಕಾರೆ, ಮೊದಲು ಎರಡನೆಯ ಫೋಟೊ. ತಳ ಮುಂದೆ ಚೂಪಾಗಿ, ಹಿಂದೆ ಅಗಲವಾಗಿ ದೋಣಿ ಆಕಾರದಲ್ಲಿದೆ, ಹಿಡಿಕೆ ಅದರ ಬೆನ್ನಿಗಿದೆ, ತೂತುಗಳು ಒಳಗೆ ಕಪ್ಪಾಗಿ ಆಳ ಕಾಣುತ್ತಿವೆ ಅಂದರೆ ಸ್ಟೀಮ್ ಐರನ್ನೇ. ಕೈಯಲ್ಲಿ ಹಿಡಿಯುವ ಸ್ಟೀಮರ್ ಆದರೆ ಮುಖ ಎದುರಿಗಿರುತ್ತದೆ, ಹಿಡಿಕೆ ಕೂದಲು ಒಣಗಿಸುವ ಡ್ರೈಯರಿನ ಹಾಗೆ ಕೆಳಗೆ ಇಳಿದಿರುತ್ತದೆ. ಫೋಟೊ ದೊಡ್ಡದು ಮಾಡಿ ತೂತಿನ ಅಂಚು ನೋಡಿ. ಬಿಳಿ ಪುಡಿ ಕಟ್ಟಿದೆಯಾ? ಹಾಗಿದ್ದರೆ ಬೋರ್ ನೀರು ಹಾಕಿ ಓಡಿಸಿದ್ದಾರೆ. ಒಳಗೆ ಸುಣ್ಣ ಕೂತಿರುತ್ತದೆ. ಆವಿಯ ಜೊತೆ ಆ ಗಲೀಜೂ ಉಗುಳಿ ಬಿಳಿ ಶರ್ಟಿಗೆ ಕಲೆ ಮಾಡುತ್ತದೆ.

ಹೊಳಲ್ಕೆರೆಯಿಂದ ಒಬ್ಬ ಹಿರಿಯರು: ನಾನು ಮೂವತ್ತು ವರ್ಷ ಇದ್ದಿಲು ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿದವನು. ನೀರು ಬೇಕಾದರೆ ಒದ್ದೆ ಬಟ್ಟೆ ಹಾಸಿ ಒತ್ತುತ್ತಿದ್ದೆ. ತೂತು, ಟ್ಯಾಂಕು ಏನೂ ಇರಲಿಲ್ಲ. ಭಾರ ಇರುವುದನ್ನೇ ತಗೊಳ್ಳಮ್ಮಾ.

ಕೇಳಿದವರು: ಭಾರ ಫೋಟೊದಲ್ಲಿ ಕಾಣಲ್ಲ ಅಲ್ವಾ ಅಜ್ಜಾ! ತೂತಿನ ಹತ್ತಿರ ಬಿಳಿ ಇದೆ ಸರ್, ನೀವು ಹೇಳಿದ ಹಾಗೇ. ಪೈಪಿನದು?

ರಿಪೇರಿ ಅಂಗಡಿಯವರು: ಅಲ್ಲಿ ಎರಡು ಎಳೆ ಇರುತ್ತವೆ, ಬೇರೆ ಬೇರೆ ಮಾಡಿ ನೋಡಿ. ಸಣ್ಣದು ಪ್ಲಗ್ಗಿಗೆ ಹೋಗುವ ವೈರ್. ಹೆಬ್ಬೆರಳಷ್ಟು ದಪ್ಪದ್ದು ಕೆಳಗಿನ ಟ್ಯಾಂಕಿನಿಂದ ಮೇಲಿನ ತಲೆಗೆ ಆವಿ ಒಯ್ಯುವ ಪೈಪು. ಆದರೆ ದಪ್ಪ ಪೈಪು ಕಂಡ ತಕ್ಷಣ ಸ್ಟೀಮರ್ ಅನ್ನಬೇಡಿ. ಟ್ಯಾಂಕು ಬೇರೆ ಇಟ್ಟು, ಪೈಪಿನ ತುದಿಗೆ ನಿಜವಾದ ಇಸ್ತ್ರಿ ಪೆಟ್ಟಿಗೆಯನ್ನೇ ಕಟ್ಟಿದ ಸೆಟ್ಟೂ ಇವೆ, ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ನೋಡಿರುತ್ತೀರಿ. ಪೈಪಿನ ಕೊನೆಯಲ್ಲಿ ಏನಿದೆ ಅನ್ನೋದೇ ಮುಖ್ಯ. ಬಟ್ಟೆ ನೇತುಹಾಕುವ ಕಂಬ ಇದ್ದು, ತುದಿಯಲ್ಲಿ ಅಂಗೈಯಗಲದ ತಲೆ ಇದ್ದರೆ ಸ್ಟೀಮರ್. ಅದು ಸುಕ್ಕು ಬಿಡಿಸುತ್ತದೆ. ಒತ್ತುವುದಕ್ಕೆ ಕೆಳಗೆ ಗಟ್ಟಿ ಜಾಗ ಇಲ್ಲವಲ್ಲ, ನಿಮಗೆ ಬೇಕಾದ ಹಾಗೆ ಪ್ಯಾಂಟಿನ ಗೆರೆ ಕೂರಲ್ಲ.

ನೆರೆಮನೆಯ ಅಕ್ಕ: ರೇಷ್ಮೆ ಸೀರೆಗೆ ಸ್ಟೀಮರ್ರೇ ಒಳ್ಳೇದು ಕಣ್ರೀ, ನಾನು ಮಗಳ ಮದುವೆಗೆ ತಗೊಂಡೆ.

ಕೇಳಿದವರು: ಅಕ್ಕಾ, ನನಗೆ ಪ್ಯಾಂಟು! ನೀಲಿಯದರ ಮೈ ಪೂರಾ ನೀಲಿ, ಟ್ಯಾಂಕ್ ಹಾಗೇ ಕಾಣುತ್ತದೆ. ಸ್ಟೀಮ್ ಅಂತ ಅಂದುಕೊಂಡಿದ್ದೆ.

ರಿಪೇರಿ ಅಂಗಡಿಯವರು: ಬಣ್ಣಕ್ಕೆ ಮೋಸ ಹೋಗಬೇಡಿ, ಡ್ರೈ ಪೆಟ್ಟಿಗೆಗೂ ಬಣ್ಣದ ಪ್ಲಾಸ್ಟಿಕ್ ಹಾಕುತ್ತಾರೆ. ಟ್ಯಾಂಕ್ ಆದರೆ ಪ್ಲಾಸ್ಟಿಕ್ ಸ್ವಲ್ಪ ಪಾರದರ್ಶಕ ಇರುತ್ತದೆ, ಪಕ್ಕದಲ್ಲಿ ನೀರಿನ ಗೆರೆ ಇರುತ್ತದೆ, ಮೂತಿಯ ಮೇಲೆ ನೀರು ಹಾಕುವ ಮುಚ್ಚಳ ಇರುತ್ತದೆ. ಗುಂಡಿಗಳನ್ನೂ ಎಣಿಸಿ. ಡ್ರೈಗೆ ಬಿಸಿ ಹೆಚ್ಚು ಕಡಿಮೆ ಮಾಡುವ ಡಯಲ್ ಒಂದೇ ಸಾಕು. ಹಿಡಿಕೆಯ ಮುಂದೆ ಇನ್ನೊಂದು ಗುಂಡಿಯೋ ಜಾರುವ ಸ್ವಿಚ್ಚೋ ಇದ್ದರೆ ಅದು ಸಾಮಾನ್ಯವಾಗಿ ಆವಿಗೆ.

ಕೇಳಿದವರು: ಡಯಲ್ ಒಂದೇ ಕಾಣುತ್ತದೆ. ಆದರೆ ಮೂತಿ ಮೇಲೆ ಏನೋ ಉಬ್ಬಿದೆ. ಮುಚ್ಚಳವೋ, ಬೆಳಕಿನ ಹೊಳಪೋ ಗೊತ್ತಾಗುತ್ತಿಲ್ಲ.

ಕಾಲೇಜು ಹುಡುಗ: ಡ್ರೈ ಅಕ್ಕಾ, ನೂರಕ್ಕೆ ನೂರು.

ರಿಪೇರಿ ಅಂಗಡಿಯವರು: ಬಹುಶಃ ಡ್ರೈ. ಪ್ಯಾಂಟಿನ ಗೆರೆಗೆ ಅದೇ ಸಾಕು, ಅಜ್ಜ ಹೇಳಿದ ಒದ್ದೆ ಬಟ್ಟೆ ಜೊತೆಗಿರಲಿ. ಆದರೆ ಈ ಒಂದು ಫೋಟೊದಿಂದ ಕೊನೆ ಮಾತು ಹೇಳಲ್ಲ. ತಳದ ಫೋಟೊ, ಹಿಡಿಕೆಯ ಮೇಲಿನಿಂದ ಒಂದು ಫೋಟೊ ಕೇಳಿ.

ಕೇಳಿದವರು: ಕೇಳಿದೆ ಸರ್. "ಈಗ ಬಿಸಿ ಇದೆ, ನಾನೇ ಶರ್ಟಿಗೆ ಇಸ್ತ್ರಿ ಹಾಕ್ತಿದ್ದೀನಿ, ನಾಳೆ ಕಳಿಸ್ತೀನಿ" ಅಂದ.