ಪ್ರಶ್ನೋತ್ತರ: ಕೊರಿಯರ್‌ನಲ್ಲಿ ಕಳೆದುಹೋದ ಸೀರೆ ಪಾರ್ಸೆಲ್

ಸವಿತಾ, ಇಳಕಲ್: ಪ್ರಭಾಕರ್ ಸರ್, ಜೂನ್ 3ಕ್ಕೆ ಉಡುಪಿಗೆ ಎರಡು ಸೀರೆ ಕೊರಿಯರ್ ಮಾಡಿದ್ದೆ. ಬಿಲ್ 11,600 ರೂ. ಹುಬ್ಬಳ್ಳಿ ಹಬ್ ಬಿಟ್ಟಿದೆ ಅಂತ ತೋರಿಸಿ ಹತ್ತು ದಿನವಾಯಿತು, ಮುಂದಕ್ಕೆ ಏನೂ ಇಲ್ಲ. ಕೌಂಟರ್‌ನವರು ರಸೀದಿಯಲ್ಲಿ ಬೆಲೆಯ ಜಾಗ ಖಾಲಿ ಬಿಟ್ಟಿದ್ದಾರೆ. ಕೇಳಿದರೆ ನೂರು ರೂಪಾಯಿ ಮಾತ್ರ ಕೊಡ್ತೀವಿ ಅಂತಾರೆ. ಇಮೇಲ್ ಹೇಗೆ ಬರೆಯಲಿ?

ಪ್ರಭಾಕರ್ (ಕೊರಿಯರ್ ಕ್ಲೇಮ್ ವಿಭಾಗದಿಂದ ನಿವೃತ್ತ): ಸವಿತಾ ಅವರೇ, ಬೆಲೆಯ ಜಾಗ ಖಾಲಿ ಇದೆಯಲ್ಲ, ನನಗೆ ಚಿಂತೆ ಅದರದ್ದೇ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಾರ್ಸೆಲ್ ಹುಡುಕಿಸಿ.

ಪಾರ್ಸೆಲ್ ಒಂದೊಂದಾಗಿ ಹೋಗುವುದಿಲ್ಲ. ಹಬ್‌ನಲ್ಲಿ ಹತ್ತಾರು ಪಾರ್ಸೆಲ್ ಒಂದು ಚೀಲಕ್ಕೆ ಹಾಕಿ ಸೀಲ್ ಮಾಡುತ್ತಾರೆ. ಚೀಲಕ್ಕೊಂದು ನಂಬರ್, ಒಳಗೇನಿದೆ ಎಂಬುದಕ್ಕೆ ಮ್ಯಾನಿಫೆಸ್ಟ್. ಹುಬ್ಬಳ್ಳಿಯಲ್ಲಿ ಔಟ್ ಸ್ಕ್ಯಾನ್ ಆಗಿ ಉಡುಪಿಯಲ್ಲಿ ಇನ್ ಸ್ಕ್ಯಾನ್ ಆಗಿಲ್ಲ ಅಂದರೆ ಮೂರು ಸಾಧ್ಯತೆ. ಚೀಲವೇ ಬೇರೆ ಊರಿಗೆ ಹೋಗಿದೆ. ಇಲ್ಲವೇ ಲೇಬಲ್ ಕಿತ್ತು ಎಲ್ಲೋ ಗೋದಾಮಿನ ಮೂಲೆಯಲ್ಲಿ ಬಿದ್ದಿದೆ. ಇಲ್ಲವೇ ಕಳವಾಗಿದೆ. ಅದೇ ಚೀಲದ ಉಳಿದ ಪಾರ್ಸೆಲ್‌ಗಳು ಉಡುಪಿ ತಲುಪಿದ್ದರೆ ಮೊದಲನೆಯದು ಬಿಟ್ಟುಹೋಯಿತು. ಆದ್ದರಿಂದ ಚೀಲದ ನಂಬರ್ ಕೇಳಿ. ಪ್ರತಿ ಹಬ್‌ನಲ್ಲಿ ತೂಕ ಎಷ್ಟು ಬಂದಿದೆ ಅಂತಲೂ ಕೇಳಿ. 1.4 ಕೆ.ಜಿ. ಹೊರಟದ್ದು ನಡುವೆ 300 ಗ್ರಾಂ ತೋರಿಸಿದರೆ ಒಳಗಿನ ಮಾಲು ಹೋಗಿ ಖಾಲಿ ಕವರ್ ಉಳಿದಿದೆ ಅಂತ ಅರ್ಥ.

ಲೇಬಲ್ ಕಿತ್ತ ಪಾರ್ಸೆಲನ್ನು ನಂಬರ್ ಹಿಡಿದು ಹುಡುಕಲು ಆಗಲ್ಲ. ಹೊರಗಿನ ಕವರ್‌ನ ಬಣ್ಣ, ಟೇಪ್, ಒಳಗಿನ ಸೀರೆಯ ಬಣ್ಣ, ಸೆರಗು ಬರೆದರೆ ಮಾತ್ರ ಸಿಗುತ್ತದೆ. ಬರೀ 'ಬಟ್ಟೆ' ಅಂತ ಬರೆದ ಇಮೇಲ್‌ಗೆ ಯಾರೂ ಎದ್ದು ಹೋಗಿ ನೋಡಲ್ಲ.

ಮಂಜುನಾಥ್: ಇಷ್ಟೆಲ್ಲಾ ಯಾಕೆ? ಒಂದು ಫಾರ್ವರ್ಡ್ ಬಂದಿದೆ. ಕಾನೂನಿನ ಪ್ರಕಾರ ಕಳೆದ ಮಾಲಿನ ಹತ್ತು ಪಟ್ಟು ಬೆಲೆ ಕೊಡಲೇಬೇಕು. ಎಫ್‌ಐಆರ್ ಹಾಕಿ, ಮರುದಿನವೇ ದುಡ್ಡು.

ಪ್ರಭಾಕರ್: ಮಾಲಿನ ಬೆಲೆಯ ಹತ್ತು ಪಟ್ಟಲ್ಲ, ಸಾಗಣೆ ದರದ ಹತ್ತು ಪಟ್ಟು. ಅದೂ ಕೊಡಲೇಬೇಕಾದ ಮೊತ್ತವಲ್ಲ, ಹೊಣೆಯ ಮಿತಿ. 2011ರ ರಸ್ತೆ ಸಾಗಣೆ ನಿಯಮದಲ್ಲಿದೆ. ಹೆಚ್ಚಿನ ಬೆಲೆ ಮೊದಲೇ ಘೋಷಿಸಿರದಿದ್ದರೆ ಕಂಪನಿ ಇದನ್ನೇ ಹಿಡಿಯುತ್ತದೆ. ಸವಿತಾ ಅವರು ಕೊಟ್ಟ ದರ ಎಷ್ಟು?

ಸವಿತಾ: 180 ರೂ. ಸರ್.

ಪ್ರಭಾಕರ್: ಹಾಗಾದರೆ 1,800. ನಿಮ್ಮ ಫಾರ್ವರ್ಡ್ ನಂಬಿದ್ದರೆ 1,16,000 ಕೇಳಿ ನಗೆಪಾಟಲಾಗುತ್ತಿದ್ದರು ಮಂಜುನಾಥ್. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ.

ಫಾತಿಮಾ, ಭಟ್ಕಳ: ಸರ್, ನನ್ನ ಪಾರ್ಸೆಲ್ ಕೂಡ ಟ್ರ್ಯಾಕಿಂಗ್‌ನಲ್ಲಿ ಮುಂದೆ ಹೋಗ್ತಿಲ್ಲ. ಏನು ಮಾಡಲಿ?

ಪ್ರಭಾಕರ್: ಮೇಲೆ ಓದಿ.

ರಾಘವೇಂದ್ರ: ಸವಿತಾ ಅವರು ವ್ಯಾಪಾರಿ ಅಲ್ವಾ? ವ್ಯಾಪಾರಿ ಗ್ರಾಹಕ ಆಗಲ್ಲ. ಗ್ರಾಹಕ ಆಯೋಗ ದೂರು ತೆಗೆದುಕೊಳ್ಳಲ್ಲ. ಸಿವಿಲ್ ಕೋರ್ಟೇ ಗತಿ.

ಪ್ರಭಾಕರ್: ಅರ್ಧ ಸರಿ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು 2019ರ ಗ್ರಾಹಕ ಕಾಯ್ದೆ ಹೊರಗಿಡುತ್ತದೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಮಾಡುವುದಾದರೆ ಅದು ವಾಣಿಜ್ಯ ಉದ್ದೇಶವಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಮನೆಯಿಂದಲೇ ಒಬ್ಬರೇ ಮಾರುತ್ತಿದ್ದರೆ ಆ ಮಾತನ್ನು ದೂರಿನಲ್ಲಿ ಬರೆಯಬೇಕು. ಬರೆಯದಿದ್ದರೆ ಎದುರಿನ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಇನ್ನು ನೂರು ರೂಪಾಯಿ ವಿಷಯ. 1996ರಲ್ಲಿ ಭಾರತಿ ನಿಟಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕಿದ ಷರತ್ತಿಗೆ ಗ್ರಾಹಕ ಬದ್ಧ ಅಂತ ಹೇಳಿತು. ಆದರೆ ಸಹಿಯೇ ಇಲ್ಲದ, ತೋರಿಸಿಯೂ ಇಲ್ಲದ ಸಣ್ಣ ಅಕ್ಷರದ ಷರತ್ತನ್ನು ಆಯೋಗಗಳು ಒಪ್ಪದ ತೀರ್ಪುಗಳೂ ಇವೆ. ಸವಿತಾ ಅವರೇ, ರಸೀದಿಯಲ್ಲಿ ಕಳಿಸಿದವರ ಸಹಿಯ ಜಾಗ ನೋಡಿ. ಅಲ್ಲಿ ನಿಮ್ಮ ಸಹಿ ಇದೆಯೇ?

ಸವಿತಾ: ಇಲ್ಲ ಸರ್. ಅಲ್ಲಿ ಅವರ ಸೀಲ್ ಬಿದ್ದಿದೆ.

ಪ್ರಭಾಕರ್: ಒಳ್ಳೆಯದು. ಆ ರಸೀದಿಯ ಎರಡೂ ಬದಿಯ ಫೋಟೋ ಈಗಲೇ ತೆಗೆಯಿರಿ. ಅಸಲನ್ನು ಕೌಂಟರ್‌ನವರ ಕೈಗೆ ಕೊಡಬೇಡಿ, 'ತಿದ್ದಿ ಕೊಡ್ತೀವಿ' ಅಂದರೂ ಕೊಡಬೇಡಿ. ಇಮೇಲ್ ಹೀಗಿರಲಿ:

> ವಿಷಯ: ಡಾಕೆಟ್ ನಂಬರ್ ______, ಇಳಕಲ್‌ನಿಂದ ಉಡುಪಿ, ಕಾಣೆಯಾದ ಪಾರ್ಸೆಲ್. ಉತ್ತರಕ್ಕೆ ಕೊನೆಯ ಗಡುವು ಜೂನ್ 24, ಸಂಜೆ 5
>
> ಜೂನ್ 3ರಂದು ನಿಮ್ಮ ಇಳಕಲ್ ಕೌಂಟರ್‌ನಲ್ಲಿ ಈ ಪಾರ್ಸೆಲ್ ಬುಕ್ ಮಾಡಿದ್ದೇನೆ. ತೂಕ 1.4 ಕೆ.ಜಿ., ಸಾಗಣೆ ದರ 180 ರೂ. ಹೊರಗೆ ಬಿಳಿ ಪ್ಲಾಸ್ಟಿಕ್ ಕವರ್, ನೀಲಿ ಟೇಪ್. ಒಳಗೆ ಟೋಪಿ ತೆನಿ ಸೆರಗಿನ ಎರಡು ಇಳಕಲ್ ಸೀರೆ, ಒಂದು ದಾಳಿಂಬೆ ಕೆಂಪು, ಒಂದು ಹಸಿರು. ಬಿಲ್ 11,600 ರೂ. ಜೂನ್ 4ರಂದು ಹುಬ್ಬಳ್ಳಿ ಹಬ್‌ನಿಂದ ಹೊರಟಿದ್ದೇ ಕೊನೆಯ ಸ್ಕ್ಯಾನ್.
>
> ಜೂನ್ 24ರ ಒಳಗೆ ಚೀಲದ ನಂಬರ್, ಮ್ಯಾನಿಫೆಸ್ಟ್ ಪ್ರತಿ, ಪ್ರತಿ ಹಬ್‌ನ ತೂಕ ತಿಳಿಸಿ. ಲೇಬಲ್ ಇಲ್ಲದ ಪಾರ್ಸೆಲ್‌ಗಳಲ್ಲಿ ಈ ಗುರುತಿನಿಂದ ಹುಡುಕಿ. ಸಿಗದಿದ್ದರೆ ಜುಲೈ 4ರೊಳಗೆ 11,780 ರೂ. ಪಾವತಿಸಿ. ತಪ್ಪಿದರೆ ಬಾಗಲಕೋಟೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಇದು 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ನಷ್ಟದ ನೋಟಿಸ್ ಕೂಡ ಹೌದು.

ಕೊನೆಯ ಸಾಲು ಬಿಡಬೇಡಿ. ಆ ಕಾಯ್ದೆಯಲ್ಲಿ ಕೊರಿಯರ್ ಏಜೆನ್ಸಿಯೂ ಸೇರಿದೆ. ಕೇಸ್ ಹಾಕುವ ಮುಂಚೆ ಲಿಖಿತ ನೋಟಿಸ್ ಕೊಟ್ಟಿರಬೇಕು, ಅದೂ ಬುಕಿಂಗ್ ದಿನದಿಂದ 180 ದಿನದೊಳಗೆ. ಪಾರ್ಸೆಲ್ ಕಳೆದುಹೋದ ದಿನದಿಂದಲ್ಲ. ನಿಮಗೆ ನವೆಂಬರ್ 30 ಕೊನೆ. 'ಹುಡುಕ್ತಾ ಇದ್ದೀವಿ' ಅಂತ ಎಳೆದು ಎಳೆದು ಇದನ್ನು ದಾಟಿಸಿಬಿಡುತ್ತಾರೆ. ಇಮೇಲ್ ಜೊತೆ ಅದೇ ಪತ್ರವನ್ನು ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ.

ಗೀತಾ: ಸ್ಪೀಡ್ ಪೋಸ್ಟ್‌ನಲ್ಲಿ ನನ್ನ ರಾಖಿ ಕಳೆದಿದೆ. ಇದೇ ಪತ್ರ ಹಾಕಬಹುದಾ?

ಪ್ರಭಾಕರ್: ಇಲ್ಲ. ಆ ಕಾಯ್ದೆಗೆ ಸರ್ಕಾರ ಸೇರಲ್ಲ. ಅಂಚೆಯದ್ದು ಬೇರೆ ನಿಯಮ.

ದೀಪಕ್: ಉಡುಪಿಯ ಗ್ರಾಹಕರ ದುಡ್ಡು ಮೊದಲು ವಾಪಸ್ ಕೊಡಿ ಸವಿತಾ ಅವರೇ. ಅವರೇನು ತಪ್ಪು ಮಾಡಿದ್ದಾರೆ?

ರಾಘವೇಂದ್ರ: ಕೊರಿಯರ್ ಕಳೆದರೆ ಮಾರಿದವರು ಯಾಕೆ ಕೊಡಬೇಕು?

ದೀಪಕ್: ಕೊರಿಯರ್ ಆರಿಸಿದ್ದು ಮಾರಿದವರು. ಅಷ್ಟೂ ಗೊತ್ತಾಗಲ್ವಾ?

ರಾಘವೇಂದ್ರ: ನೀವೇನು ಉಡುಪಿಯವರ ಕಡೆ ವಕೀಲರಾ?

ಸವಿತಾ: ದಯವಿಟ್ಟು ಜಗಳ ಬೇಡ. ಅವರಿಗೆ ಬೇರೆ ಎರಡು ಸೀರೆ ಕಳಿಸ್ತೀನಿ ಅಂದಿದ್ದೇನೆ. ಹಸಿರು ಅಂಥದ್ದೇ ಇನ್ನೊಂದು ಸಿಕ್ಕಿದೆ, ಕೆಂಪು ಮತ್ತೆ ನೇಯಿಸಬೇಕು.

ಮಂಜುನಾಥ್: ಕಸ್ಟಮರ್ ಕೇರ್ ನಂಬರ್ ಸಿಕ್ಕಿತು, ಗೂಗಲ್‌ನಲ್ಲಿ ಮೊದಲನೆಯದೇ. 5 ರೂ. ಕಟ್ಟಿದರೆ ಪಾರ್ಸೆಲ್ ಮತ್ತೆ ಹೊರಡುತ್ತಂತೆ. ಲಿಂಕ್ ಹಾಕಲಾ?

ಪ್ರಭಾಕರ್: ಹಾಕಬೇಡಿ! ಅದು ಮೋಸ. ಆ 5 ರೂ. ನೆಪಕ್ಕೆ. ಲಿಂಕ್ ಒತ್ತಿಸಿ ಕಾರ್ಡ್, ಯುಪಿಐ ವಿವರ ಎತ್ತುವುದೇ ಅವರ ಕೆಲಸ. ನಿಜವಾದ ನಂಬರ್ ರಸೀದಿಯ ಮೇಲೆ ಇರುತ್ತದೆ. ಯಾರಾದರೂ ಈಗಾಗಲೇ ದುಡ್ಡು ಕಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಂಜುನಾಥ್, ಇದು ಎರಡನೇ ಸಲ.

ಮಂಜುನಾಥ್: ಸಹಾಯ ಮಾಡಲು ಬಂದರೆ ಬೈಯ್ತೀರಾ. ಸುಮ್ನೆ ಇರ್ತೀನಿ ಬಿಡಿ.

ಫಾತಿಮಾ, ಭಟ್ಕಳ: ನನ್ನದು ಪಾಸ್‌ಪೋರ್ಟ್ ಸರ್, ಬಟ್ಟೆ ಅಲ್ಲ. ಮೇಲೆ ಓದಿದೆ, ಅದರಲ್ಲಿ ಇಲ್ಲ.

ಸವಿತಾ: ಸರ್, ಇಮೇಲ್ ಕಳಿಸಿದೆ. ಒಂದೇ ಗಂಟೆಯಲ್ಲಿ ಉತ್ತರ ಬಂತು. 'ನಿಮ್ಮ ದೂರು ಪರಿಶೀಲನೆಯಲ್ಲಿದೆ, 1,800 ಸದ್ಭಾವನೆಯಾಗಿ ಕೊಡುತ್ತೇವೆ, ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ' ಅಂದಿದ್ದಾರೆ.

ಪ್ರಭಾಕರ್: ನೂರರಿಂದ 1,800ಕ್ಕೆ ಬಂದರು ನೋಡಿ. ಆ ಪತ್ರದಲ್ಲಿ 'ಪೂರ್ಣ ಮತ್ತು ಅಂತಿಮ' ಅಂತ ಇರುತ್ತದೆ. ಸಹಿ ಮಾಡಿದರೆ ಉಳಿದದ್ದು ಮುಗಿಯಿತು. ಚೀಲದ ನಂಬರ್ ಕೊಟ್ಟಿದ್ದಾರಾ?

ಸವಿತಾ: ಇಲ್ಲ.

ಪ್ರಭಾಕರ್: ಹಾಗಾದರೆ ಸಹಿ ಬೇಡ. ಅದೇ ಇಮೇಲ್‌ಗೆ ಉತ್ತರವಾಗಿ ಚೀಲದ ನಂಬರ್ ಮತ್ತೆ ಕೇಳಿ, ಹೊಸ ಇಮೇಲ್ ಶುರು ಮಾಡಬೇಡಿ. ಗಡುವು ಜೂನ್ 24 ಹಾಗೇ ಇರಲಿ. ಅದು ದಾಟಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಜುಲೈ 4 ದಾಟಿದರೆ e-jagriti.gov.in ಮೂಲಕ ಆಯೋಗಕ್ಕೆ ದೂರು. ಇಷ್ಟು ಮೊತ್ತಕ್ಕೆ ಆಯೋಗದಲ್ಲಿ ಶುಲ್ಕವಿಲ್ಲ. ಪೂರ್ತಿ 11,600 ಸಿಗುತ್ತದೆ ಅಂತ ನಾನು ಭರವಸೆ ಕೊಡಲ್ಲ. ಬೆಲೆಯ ಜಾಗ ಖಾಲಿ ಇರುವುದನ್ನು ಅವರು ಬಿಡಲ್ಲ.

ರಾಘವೇಂದ್ರ: ನಾನು ಹೇಳಿದ್ದೂ ಅದನ್ನೇ.

ದೀಪಕ್: ನೀವು ಹೇಳಿದ್ದು ಅದಲ್ಲ.