ಅಪ್‌ಡೇಟ್: ಶಾಲೆಗೆ ಕೊಟ್ಟ 12,000 ವಾಪಸ್ ಬಂತಾ?

ನಾನು ಕೇಳಿದ್ದು: "ಮಂಡ್ಯದಲ್ಲಿ ನಮ್ಮದೊಂದು ಚಿಕ್ಕ ಬೇಕರಿ. ಪಕ್ಕದ ಶಾಲೆಯವರು ವಾರ್ಷಿಕೋತ್ಸವಕ್ಕೆ 12,000 ಕೇಳುತ್ತಿದ್ದಾರೆ. ಕೊಟ್ಟರೆ ವ್ಯಾಪಾರ ಆಗುತ್ತಾ?"

ಕೊಟ್ಟೆ. ಬ್ಯಾನರ್ ಜೊತೆಗೆ ಆಮಂತ್ರಣ ಪತ್ರಿಕೆಯ ಹಿಂದೆ ಕೂಪನ್ ಹಾಕಿಸಿದೆ, ಒಂದು ಕೆಜಿ ಕೇಕಿಗೆ 50 ರೂಪಾಯಿ ಕಡಿಮೆ. ಅದು ಕಳೆದು ನಮಗೆ ಉಳಿಯುವುದು 100. ಅಂದರೆ 120 ಹೊಸ ಗಿರಾಕಿ ಬರಬೇಕಿತ್ತು. ಎರಡು ತಿಂಗಳಲ್ಲಿ ಬಂದ ಕೂಪನ್ 41. ಅದರಲ್ಲಿ 26 ಹಳೇ ಗಿರಾಕಿಗಳದ್ದೇ! ಅವರು ಹೇಗೂ ಬರುತ್ತಿದ್ದವರು, ಅಲ್ವಾ? ಸುಮ್ನೆ 50 ಬಿಟ್ಟುಕೊಟ್ಟ ಹಾಗಾಯ್ತು. ಹೊಸಬರು ಬರೀ 15, ಲಾಭ 1,500.

ಬ್ಯಾನರಿನಲ್ಲಿ ಎಂಟು ಅಂಗಡಿಗಳ ಹೆಸರಿತ್ತು. ನಮ್ಮದು ಹೂವಿನ ಹಾರದ ಹಿಂದೆ!

ಆದರೆ ಹೊಸಬರಲ್ಲಿ ಒಬ್ಬರು ಅಲ್ಲಿನ ಟೀಚರ್. ಈಗ ಸ್ಟಾಫ್ ಹುಟ್ಟುಹಬ್ಬದ ಕೇಕೆಲ್ಲ ನಮ್ಮಲ್ಲೇ.

ಮೊನ್ನೆ ದೇವಸ್ಥಾನದವರು ಬಂದರು. ದುಡ್ಡಿನ ಬದಲು 300 ಬನ್ ಕೊಟ್ಟೆ, ಕವರಿನ ಮೇಲೆ ಅಂಗಡಿ ಹೆಸರು, ನಂಬರ್.