ಅಮ್ಮನ ಕ್ಯಾಲ್ಸಿಯಂ ಹೆಚ್ಚು, ವಿಟಮಿನ್ ಡಿ ಕಡಿಮೆ: ಅನುಭವಿಸಿದವರು ಹೇಳಿ

ಕೇಳಿದವರು: ತುಮಕೂರಿನ ಮಗಳು
ಅಮ್ಮನಿಗೆ 58 ವರ್ಷ. ಕ್ಯಾಲ್ಸಿಯಂ 11.6, ಪಿಟಿಎಚ್ ಎಂಬ ಹಾರ್ಮೋನು 186, ವಿಟಮಿನ್ ಡಿ 9. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿತ್ತು. ಆ ಹಾರ್ಮೋನು ಸುರಿಸುವ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆಸಬೇಕು ಎನ್ನುತ್ತಿದ್ದಾರೆ. ವಿಟಮಿನ್ ಡಿ ಕೊಟ್ಟರೆ ಸಾಲದೇ? ಆಪರೇಷನ್ ಮಾಡಿಸಿದವರು, ಮಾಡಿಸದವರು ದಯವಿಟ್ಟು ತಿಳಿಸಿ.

ಹಾಸನದ ಟೀಚರ್
ನಾನು ಮಾಡಿಸಿಕೊಂಡವಳು. ನಾಲ್ಕು ವರ್ಷವಾಯಿತು. ಮತ್ತೆ ಕೇಳಿದರೂ ಮಾಡಿಸಿಕೊಳ್ಳುತ್ತೇನೆ, ಆದರೆ ಆಪರೇಷನ್ನಿನ ಆಚೆಗೆ ಏನು ಕಾದಿದೆ ಎಂದು ನನಗೆ ಯಾರೂ ಹೇಳಲಿಲ್ಲ ಎಂಬ ಸಿಟ್ಟು ಇವತ್ತಿಗೂ ಆರಿಲ್ಲ.

ನನ್ನ ಕ್ಯಾಲ್ಸಿಯಂ 12.8 ಇತ್ತು, ಪಿಟಿಎಚ್ 410. ತೊಡೆಯ ಎಲುಬು ರಾತ್ರಿಯಿಡೀ ನೋಯುತ್ತಿತ್ತು. ಎರಡು ವರ್ಷ ಅದನ್ನು ವಾಯು ಎಂದುಕೊಂಡು ಎಣ್ಣೆ ತಿಕ್ಕಿಸಿಕೊಂಡೆ. ಆಪರೇಷನ್ ಮಾತ್ರ ಸಲೀಸು. ಗಡ್ಡೆ ತೆಗೆದು ಹತ್ತು ನಿಮಿಷಕ್ಕೆ ರಕ್ತ ತೆಗೆದು ನೋಡಿದಾಗ ಪಿಟಿಎಚ್ 410ರಿಂದ 38ಕ್ಕೆ ಇಳಿದಿತ್ತು. ಅರ್ಧಕ್ಕಿಂತ ಕೆಳಗೆ ಇಳಿದರೆ ಕೆಟ್ಟ ಗ್ರಂಥಿ ಸಿಕ್ಕಿತು ಎಂದು ಅರ್ಥವಂತೆ. ಎಲ್ಲರೂ ಸಂತೋಷಪಟ್ಟರು. ಮೂರನೆಯ ದಿನ ಮನೆಗೆ ಕಳುಹಿಸುತ್ತೇವೆ ಎಂದರು.

ಎರಡನೆಯ ರಾತ್ರಿ ತುಟಿಯ ಸುತ್ತ ಇರುವೆ ಹರಿದಂತಾಯಿತು, ಆಮೇಲೆ ಬೆರಳ ತುದಿ. ಬೆಳಗ್ಗೆ ರಕ್ತದೊತ್ತಡ ನೋಡಲು ತೋಳಿಗೆ ಪಟ್ಟಿ ಬಿಗಿದಾಗ ಕೈಬೆರಳುಗಳು ತಾವಾಗಿಯೇ ಮಡಚಿಕೊಂಡವು. ಕ್ಯಾಲ್ಸಿಯಂ 6.9! ವರ್ಷಗಟ್ಟಲೆ ಆ ಹಾರ್ಮೋನು ನನ್ನ ಎಲುಬಿನಿಂದ ಸುಣ್ಣ ಕಿತ್ತು ರಕ್ತಕ್ಕೆ ಸುರಿಯುತ್ತಿತ್ತು. ಅದು ನಿಂತದ್ದೇ ತಡ, ಹಸಿದ ಎಲುಬು ರಕ್ತದಲ್ಲಿದ್ದದ್ದನ್ನೆಲ್ಲ ಹೀರಿಕೊಂಡಿತು. ಇಂಥದ್ದೊಂದು ಇದೆ ಎಂದು ನನಗೆ ಗೊತ್ತಾದದ್ದು ಆ ದಿನವೇ.

ಹನ್ನೊಂದು ದಿನ ಡ್ರಿಪ್. ಡ್ರಿಪ್ಪಿನ ಕ್ಯಾಲ್ಸಿಯಂ ಗ್ಲುಕೋನೇಟ್ ರಕ್ತನಾಳದಿಂದ ಹೊರಗೆ ಸೋರಿ ಎಡಗೈ ಚರ್ಮ ಸುಟ್ಟಿತು, ಆ ಕಲೆ ಇನ್ನೂ ಇದೆ. ಮನೆಗೆ ಬಂದ ಮೇಲೆ ದಿನಕ್ಕೆ ಹನ್ನೆರಡು ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ಕ್ಯಾಲ್ಸಿಟ್ರಿಯಾಲ್ ಎಂಬ ಸಿದ್ಧ ರೂಪದ ವಿಟಮಿನ್ ಡಿ ಕ್ಯಾಪ್ಸೂಲ್, ನಾಲ್ಕು ತಿಂಗಳು. 1,85,000 ರೂಪಾಯಿ ಎಂದು ಹೇಳಿದ್ದು 3,40,000 ಆಯಿತು. ಒಡವೆ ಅಡವಿಟ್ಟೆವು.

ಆಪರೇಷನ್ನಿಗೆ ಮುಂಚಿನ ವರದಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್ 640 ಎಂದು ಇತ್ತು. ಎಲುಬು ಎಷ್ಟು ಹಸಿದಿದೆ ಎಂದು ಆ ಸಂಖ್ಯೆಯೇ ಕೂಗಿ ಹೇಳುತ್ತಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ. ತಂಗಿ, ಮೊದಲು ಅದನ್ನು ನೋಡಿ.

ನಿವೃತ್ತ, ಮೈಸೂರು
ಎಲ್ಲರನ್ನೂ ಹೀಗೆ ಹೆದರಿಸಿ ಕತ್ತಿಯ ಕೆಳಗೆ ಕಳುಹಿಸಬೇಡಿ. ನನಗೆ 71. ಕ್ಯಾಲ್ಸಿಯಂ 10.8, ಪಿಟಿಎಚ್ 96. ಆರು ವರ್ಷದಿಂದ ಕಾಯುತ್ತಿದ್ದೇನೆ. ಆರು ತಿಂಗಳಿಗೊಮ್ಮೆ ರಕ್ತ ಕೊಡುತ್ತೇನೆ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಒಮ್ಮೆಯೂ 11 ದಾಟಿಲ್ಲ. ಕಲ್ಲಿಲ್ಲ, ನೋವಿಲ್ಲ. ಹಾಲು, ಮೊಸರು, ರಾಗಿ ಮೂರನ್ನೂ ಬಿಟ್ಟೆ. ಒಳಗೆ ಹೋಗದಿದ್ದರೆ ರಕ್ತದಲ್ಲಿ ಏರುವುದು ಹೇಗೆ? ಹೋದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತು, ಅದು ವಯಸ್ಸಿನದು.

ಲ್ಯಾಬ್‌ನ ಹಳಬ, ಹುಬ್ಬಳ್ಳಿ
ಮೂವತ್ತೆರಡು ವರ್ಷ ಜೀವರಸಾಯನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು ನಾನು. ಮೈಸೂರಿನ ಯಜಮಾನರೇ, ಕಾದದ್ದು ತಪ್ಪಲ್ಲ, ನಿಮ್ಮ ಸಂಖ್ಯೆಗಳಿಗೆ ಕಾಯುವುದು ಒಪ್ಪುವಂಥದ್ದೇ. ರಾಗಿ ಬಿಟ್ಟದ್ದು ತಪ್ಪು. ಕರುಳಿನಿಂದ ಕ್ಯಾಲ್ಸಿಯಂ ಬರದಿದ್ದರೆ ಗ್ರಂಥಿ ಸುಮ್ಮನಿರುವುದಿಲ್ಲ, ಇನ್ನಷ್ಟು ಹಾರ್ಮೋನು ಸುರಿಸಿ ಎಲುಬಿನಿಂದಲೇ ಎಳೆಯುತ್ತದೆ. ರಕ್ತದ ಅಂಕಿ ಅಲ್ಲೇ ನಿಂತಿರುತ್ತದೆ, ಬೆಲೆ ತೆರುವುದು ಎಲುಬು. ಈ ಕಾಯಿಲೆ ಮೊದಲು ತಿನ್ನುವುದು ಮಣಿಕಟ್ಟಿನ ಬಳಿಯ ಗಟ್ಟಿ ಎಲುಬನ್ನು. ನಿಮಗೆ ಬೆನ್ನು ಮತ್ತು ಸೊಂಟದ ಸಾಂದ್ರತೆ ಮಾತ್ರ ನೋಡಿರಬೇಕು. ಮುಂಗೈಯನ್ನೂ ನೋಡಲು ಹೇಳಿ.

ನಿವೃತ್ತ, ಮೈಸೂರು
ಹೌದು, ಮುಂಗೈ ನೋಡಿಲ್ಲ. ಆದರೆ ಬೆನ್ನಿನ ವರದಿ ಚೆನ್ನಾಗಿದೆ. ನನ್ನ ನಿರ್ಧಾರ ನನ್ನದು.

ಕುಂದಾಪುರ–ದುಬೈ
ವಿಟಮಿನ್ ಡಿ ಕೊಡಲೇಬೇಡಿ! ನಾನು ಅದರಿಂದಲೇ ಸಾಯುವ ಹಂತಕ್ಕೆ ಹೋಗಿದ್ದೆ. ಸುಸ್ತು ಎಂದದ್ದಕ್ಕೆ 60,000 ಯೂನಿಟ್ಟಿನ ಪುಡಿ ಬರೆದುಕೊಟ್ಟರು. ವಾರಕ್ಕೊಂದು ಎಂದು ಚೀಟಿಯಲ್ಲಿ ಇತ್ತೋ ಏನೋ, ನಾನು ದಿನಕ್ಕೊಂದರಂತೆ ತೊಂಬತ್ತು ದಿನ ತೆಗೆದುಕೊಂಡೆ. ನಡುವೆ ಊರಿಗೆ ಬಂದಾಗ ಮತ್ತೊಬ್ಬರು ಆರು ಲಕ್ಷದ ಇಂಜೆಕ್ಷನ್ ಎರಡು ಸಲ ಚುಚ್ಚಿದರು. ಲೆಕ್ಕ ಹಾಕಿದರೆ 66 ಲಕ್ಷ ಯೂನಿಟ್. ವಾಂತಿ, ಮಲಬದ್ಧತೆ, ಗಂಟೆಗೊಮ್ಮೆ ಮೂತ್ರ, ಕೊನೆಗೆ ತಲೆಯೇ ಮಂಕಾಯಿತು. ಕ್ಯಾಲ್ಸಿಯಂ 14.2, ವಿಟಮಿನ್ ಡಿ 214.

ಸಲೈನ್ ಹರಿಸಿದರು, ಕ್ಯಾಲ್ಸಿಟೋನಿನ್ ಇಂಜೆಕ್ಷನ್ ಕೊಟ್ಟರು. ಒಂದೇ ದಿನಕ್ಕೆ 12.1ಕ್ಕೆ ಇಳಿಯಿತು. ಹೆಂಡತಿ ದೇವರಿಗೆ ಹರಕೆ ತೀರಿಸಲು ಹೊರಟಳು. ಮೂರನೆಯ ದಿನ ಅದೇ ಇಂಜೆಕ್ಷನ್ ಕೊಟ್ಟರೂ ಮತ್ತೆ ಏರಿತು. ಆಮೇಲೆ ಸ್ಟೀರಾಯ್ಡ್ ಕೊಟ್ಟರು. ಪೂರ್ತಿ ಸರಿಹೋಗಲು ಐದು ತಿಂಗಳು ಬೇಕಾಯಿತು, ಕೆಲಸವೂ ಹೋಯಿತು. ಕೊಬ್ಬಿನಲ್ಲಿ ಸೇರಿಕೊಂಡ ವಿಟಮಿನ್ ಬೇಗ ಹೊರಗೆ ಹೋಗುವುದೇ ಇಲ್ಲ.

ಲ್ಯಾಬ್‌ನ ಹಳಬ, ಹುಬ್ಬಳ್ಳಿ
ನಿಮ್ಮ ಪಿಟಿಎಚ್ ಎಷ್ಟಿತ್ತು?

ಕುಂದಾಪುರ–ದುಬೈ
4. ಅದಕ್ಕೂ ಇದಕ್ಕೂ ಏನು?

ಲ್ಯಾಬ್‌ನ ಹಳಬ, ಹುಬ್ಬಳ್ಳಿ
ಇರುವುದೆಲ್ಲ ಅಲ್ಲೇ. ನಿಮ್ಮ ಗ್ರಂಥಿಗಳು ಆರೋಗ್ಯವಾಗಿದ್ದವು. ಕ್ಯಾಲ್ಸಿಯಂ ಏರಿದ್ದನ್ನು ಕಂಡು ಬಾಯಿ ಮುಚ್ಚಿಕೊಂಡವು, ಅದಕ್ಕೇ 4. ಇವರ ಅಮ್ಮನದು ಕ್ಯಾಲ್ಸಿಯಂ 11.6 ಇದ್ದರೂ 186. ಮುಚ್ಚಬೇಕಾದ ಬಾಯಿ ಮುಚ್ಚುತ್ತಿಲ್ಲ. ನಿಮ್ಮಲ್ಲಿ ಕ್ಯಾಲ್ಸಿಯಂ ಬಹುಪಾಲು ಕರುಳಿನ ಬಾಗಿಲಿನಿಂದ ನುಗ್ಗಿತು, ಇವರಲ್ಲಿ ಎಲುಬಿನಿಂದ ಬರುತ್ತಿದೆ, ಕಿಡ್ನಿಯೂ ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುತ್ತಿದೆ. ನಿಮ್ಮ ಕಥೆಯಿಂದ ಇವರಿಗೆ ಔಷಧ ನಿರ್ಧರಿಸಬೇಡಿ.

9 ಎಂಬುದು ನಿಜವಾದ ಕೊರತೆ. ಅದನ್ನು ಹಾಗೆಯೇ ಬಿಟ್ಟು ಆಪರೇಷನ್ ಮಾಡಿದರೆ ಹಾಸನದ ಟೀಚರ್ ಅವರಿಗೆ ಆದದ್ದು ಆಗುವ ಸಾಧ್ಯತೆ ಹೆಚ್ಚು. ಇಂಥವರಿಗೆ ಒಂದೇ ಸಲ ಲಕ್ಷಗಟ್ಟಲೆ ಕೊಡುವುದಿಲ್ಲ. ದಿನಕ್ಕೆ 1,000 ಅಥವಾ 2,000 ಯೂನಿಟ್ಟಿನಂತೆ ಮೆಲ್ಲಗೆ ಏರಿಸುತ್ತಾ ನಡುನಡುವೆ ರಕ್ತದ, ಮೂತ್ರದ ಕ್ಯಾಲ್ಸಿಯಂ ನೋಡುತ್ತಾರೆ. ಡಿ ತುಂಬಿದ ಮೇಲೆ ಪಿಟಿಎಚ್ ಸ್ವಲ್ಪ ಇಳಿಯಬಹುದು. ಗಡ್ಡೆ ಮಾತ್ರ ಕರಗುವುದಿಲ್ಲ.

ಶಿರಸಿಯ ಗೃಹಿಣಿ
ಕ್ಯಾಲ್ಸಿಟೋನಿನ್ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಥೈರಾಯ್ಡನ್ನು ಪೂರ್ತಿ ತೆಗೆದರು. ಕ್ಯಾಲ್ಸಿಟೋನಿನ್ ಮಾಡುವ ಜೀವಕೋಶಗಳೂ ಅದರೊಂದಿಗೇ ಹೋದವು. ಅಂದಿನಿಂದ ನನ್ನ ಕ್ಯಾಲ್ಸಿಯಂ ಎಡವಟ್ಟಾಗಿದೆ, 7.2ಕ್ಕೂ ಇಳಿದದ್ದುಂಟು. ಒಂದು ಹಾರ್ಮೋನನ್ನೇ ತೆಗೆದು ಅದರ ಬದಲಿಗೆ ಏನೂ ಕೊಡದೆ ಕೈಬಿಟ್ಟರು.

ಲ್ಯಾಬ್‌ನ ಹಳಬ, ಹುಬ್ಬಳ್ಳಿ
ತಾಯಿ, ಕ್ಯಾಲ್ಸಿಟೋನಿನ್ ಕ್ಯಾಲ್ಸಿಯಂ ಅನ್ನು ಇಳಿಸುವ ಹಾರ್ಮೋನು. ಅದು ಇಲ್ಲವಾದರೆ ಏರಬೇಕಿತ್ತು, ನಿಮಗೆ ಇಳಿದಿದೆ. ಏರುವುದೂ ಇಲ್ಲ ಬಿಡಿ, ಥೈರಾಯ್ಡ್ ತೆಗೆಸಿಕೊಂಡವರು ಅದಿಲ್ಲದೆಯೇ ಬದುಕುತ್ತಾರೆ. ಅದನ್ನು ಅತಿಯಾಗಿ ಸುರಿಸುವ ಥೈರಾಯ್ಡ್ ಕ್ಯಾನ್ಸರ್ ಒಂದಿದೆ, ಆ ರೋಗಿಗಳಲ್ಲೂ ಸಾಮಾನ್ಯವಾಗಿ ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ. ದುಬೈಯವರಿಗೆ ಇಂಜೆಕ್ಷನ್ ಎರಡು ದಿನ ಕೆಲಸ ಮಾಡಿ ಸೋತದ್ದೂ ಅಚ್ಚರಿಯಲ್ಲ, ಎಲುಬು ಬೇಗನೇ ಅದಕ್ಕೆ ಕಿವುಡಾಗುತ್ತದೆ. ನಿಮಗೆ ಆದದ್ದು ಬೇರೆ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ, ಬೇಳೆಕಾಳಿನಷ್ಟೇ ಇರುವ ನಾಲ್ಕು ಗ್ರಂಥಿಗಳು ಪೆಟ್ಟು ತಿಂದಿವೆ. ಪಿಟಿಎಚ್ ನೋಡಿದ್ದಾರೆಯೇ?

ಶಿರಸಿಯ ಗೃಹಿಣಿ
6. ಆದರೆ ಡಾಕ್ಟರು ಹೇಳಿದ್ದು ಕ್ಯಾಲ್ಸಿಟೋನಿನ್ ಎಂದೇ ನೆನಪು. ನೀವು ಡಾಕ್ಟರಲ್ಲ. ಎಲ್ಲರ ಮಾತನ್ನೂ ತಿದ್ದುವ ಅಧಿಕಾರ ನಿಮಗೆ ಯಾರು ಕೊಟ್ಟರು?

ಹಾಸನದ ಟೀಚರ್
ಅಕ್ಕ, ನಿಮಗೆ ಕೊಡುವುದು ಕ್ಯಾಲ್ಸಿಟ್ರಿಯಾಲ್ ಅಲ್ಲವೇ? ಹೆಸರುಗಳು ಒಂದೇ ರೀತಿ ಕೇಳಿಸುತ್ತವೆ, ಕೆಲಸ ತದ್ವಿರುದ್ಧ. ನಾನೂ ಗೊಂದಲಗೊಂಡಿದ್ದೆ.

ಶಿರಸಿಯ ಗೃಹಿಣಿ
ಮಾತ್ರೆಯ ಹಾಳೆ ತೆಗೆದು ನೋಡಿದೆ. ಕ್ಯಾಲ್ಸಿಟ್ರಿಯಾಲ್ ಎಂದೇ ಇದೆ. ಹಾಗಾದರೆ ಎಲ್ಲರಂತೆ ಅಗ್ಗದ ಡಿ ಪುಡಿಯನ್ನೇ ನನಗೂ ಏಕೆ ಕೊಡಲಿಲ್ಲ? ಇದಕ್ಕೆ ತಿಂಗಳು ತಿಂಗಳು ದುಡ್ಡು ಸುರಿಯುತ್ತಿದ್ದೇನೆ.

ಲ್ಯಾಬ್‌ನ ಹಳಬ, ಹುಬ್ಬಳ್ಳಿ
ಪುಡಿಯಲ್ಲಿರುವ ಡಿ ಹಸಿ ಸರಕು. ಯಕೃತ್ತಿನಲ್ಲಿ ಒಂದು ಬದಲಾವಣೆ, ಕಿಡ್ನಿಯಲ್ಲಿ ಇನ್ನೊಂದು ಆದರೆ ಮಾತ್ರ ಕರುಳಿನಲ್ಲಿ ಕೆಲಸ ಮಾಡುತ್ತದೆ. ಕಿಡ್ನಿಯಲ್ಲಿ ಆ ಎರಡನೆಯ ಕೆಲಸವನ್ನು ಚುರುಕುಗೊಳಿಸುವುದೇ ಪಿಟಿಎಚ್. ನಿಮ್ಮಲ್ಲಿ ಅದು ಇಲ್ಲ. ಅದಕ್ಕೇ ಸಿದ್ಧವಾದದ್ದನ್ನೇ ಕೊಡುತ್ತಾರೆ. ಇನ್ನೊಂದು ಮಾತು: ಮೂತ್ರಕ್ಕೆ ಹೋಗುವ ಕ್ಯಾಲ್ಸಿಯಂ ತಡೆದು ಹಿಂದಕ್ಕೆ ತರುವುದೂ ಪಿಟಿಎಚ್ ಕೆಲಸ. ಮಾತ್ರೆಯಿಂದ ರಕ್ತದ ಅಂಕಿಯನ್ನು ಮೇಲಕ್ಕೆ ತಳ್ಳಿದರೆ ಸೋರಿಕೆ ಹೆಚ್ಚಿ ಕಲ್ಲಾಗುತ್ತದೆ. ನಿಮ್ಮದು ಸಾಮಾನ್ಯ ಮಟ್ಟದ ಕೆಳ ಅಂಚಿನಲ್ಲಿದ್ದರೆ ಸಾಕು.

ಅಧಿಕಾರದ ಮಾತಿಗೆ ಉತ್ತರ. ನನ್ನ ಸ್ವಂತ ತಂಗಿಯ ಕುತ್ತಿಗೆಯನ್ನು ಸುಮ್ಮನೆ ಕುಯ್ದರು. ಕ್ಯಾಲ್ಸಿಯಂ 10.9, ಪಿಟಿಎಚ್ ತುಸು ಹೆಚ್ಚು, ಸ್ಕ್ಯಾನಿನಲ್ಲಿ ಏನೋ ಮಸುಕು. ಇಪ್ಪತ್ನಾಲ್ಕು ಗಂಟೆಯ ಮೂತ್ರ ಹಿಡಿಯಲೇ ಇಲ್ಲ. ಆಪರೇಷನ್ ಆದ ಮೇಲೂ ಕ್ಯಾಲ್ಸಿಯಂ 10.9. ಆಗ ನಾನೇ ಮೂತ್ರ ಹಿಡಿಸಿದೆ: ಇಡೀ ದಿನಕ್ಕೆ ಕ್ಯಾಲ್ಸಿಯಂ 62 ಮಿಲಿಗ್ರಾಂ, ಕ್ರಿಯಾಟಿನಿನ್ 900. ರಕ್ತದ ಕ್ರಿಯಾಟಿನಿನ್ 0.8. ಮೂತ್ರದ ಕ್ಯಾಲ್ಸಿಯಂ ಅನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ, ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರದ ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಿದರೆ 0.005. 0.01ಕ್ಕಿಂತ ಕಡಿಮೆ ಎಂದರೆ ಬಹುತೇಕ ಹುಟ್ಟಿನಿಂದಲೇ ಬಂದ ಸ್ಥಿತಿ. ಕ್ಯಾಲ್ಸಿಯಂ ಅಳೆಯುವ ಗ್ರಾಹಕವೇ ಮಂದವಾಗಿರುತ್ತದೆ, ಅದಕ್ಕೆ ಆಪರೇಷನ್ ಬೇಕಿಲ್ಲ. ನಮ್ಮ ತಂದೆಗೂ, ನನಗೂ ಅದೇ ಇದೆ ಎಂದು ಆಮೇಲೆ ತಿಳಿಯಿತು. ಬೇಡದ ಆ ಆಪರೇಷನ್ನಿನಿಂದ ತಂಗಿ ಆರು ತಿಂಗಳು ಸರಿಯಾಗಿ ಮಾತನಾಡಲಾಗದೆ ಪಿಸುಗುಟ್ಟುತ್ತಿದ್ದಳು. ಅದಕ್ಕೇ ತಿದ್ದುತ್ತೇನೆ.

ನಿವೃತ್ತ, ಮೈಸೂರು
ನೋಡಿದಿರಾ? ಕತ್ತಿಗೆ ಅವಸರವಿಲ್ಲ ಎಂದು ನಾನು ಹೇಳಿದ್ದೂ ಇದನ್ನೇ.

ಹಾಸನದ ಟೀಚರ್
ಎಲ್ಲರ ಕಷ್ಟವನ್ನೂ ನಿಮ್ಮ ವಾದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ ಸರ್. ಇವರ ಅಮ್ಮನಿಗೆ ಎರಡು ಸಲ ಕಲ್ಲಾಗಿದೆ. ನನ್ನ ತೊಡೆಯ ಎಲುಬಿನ ಸಾಂದ್ರತೆ ಎರಡು ವರ್ಷಕ್ಕೆ ನೂರಕ್ಕೆ ಹನ್ನೊಂದರಷ್ಟು ಏರಿತು. ಕಾದಿದ್ದರೆ ಏರುತ್ತಿತ್ತೇ?

ತುಮಕೂರಿನ ಮಗಳು
ಹಳೆಯ ವರದಿ ಹುಡುಕಿದೆ. ಆಲ್ಕಲೈನ್ ಫಾಸ್ಫಟೇಸ್ 388, ಆಲ್ಬುಮಿನ್ 3.2. ಮೂತ್ರದ ಪರೀಕ್ಷೆ ಮಾಡಿಸಿಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ, ಹಾಗಾದರೆ ಕಾಯಿಲೆಯೇ ಇಲ್ಲ ಎಂದು ಮಾವ ಹೇಳುತ್ತಿದ್ದಾರೆ.

ಲ್ಯಾಬ್‌ನ ಹಳಬ, ಹುಬ್ಬಳ್ಳಿ
ಕಾಯಿಲೆ ಇದೆಯೇ ಎಂದು ಹೇಳುವುದು ರಕ್ತ, ಎಲ್ಲಿದೆ ಎಂದು ಹುಡುಕುವುದಕ್ಕೆ ಸ್ಕ್ಯಾನ್. ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕಪ್ತಾನನಿಗೆ ಆರು ಆಪರೇಷನ್ ಮಾಡಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಬೋಸ್ಟನ್ನಿನಲ್ಲಿ ಏಳನೆಯ ಸಲ ಎದೆಯೊಳಗೆ ಸಿಕ್ಕಿತು. ಆದ್ದರಿಂದ ಈ ಆಪರೇಷನ್ ತುಂಬಾ ಮಾಡಿದ ಕೈಯನ್ನೇ ಹುಡುಕಿ.

ರಕ್ತದಲ್ಲಿ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಪ್ರೋಟೀನು ಆಲ್ಬುಮಿನ್, ಅದು 4ಕ್ಕಿಂತ 0.8 ಕಡಿಮೆ ಇದೆ. ಪ್ರತಿ ಒಂದು ಗ್ರಾಂ ಕೊರತೆಗೆ 0.8 ಸೇರಿಸಿ ಲೆಕ್ಕ ಹಾಕಿದರೆ ನಿಜವಾದ ಕ್ಯಾಲ್ಸಿಯಂ ಸುಮಾರು 12.2. ಮಾವನಿಗೆ ಈ ಅಂಕಿ ತೋರಿಸಿ. ಕಲ್ಲಾದವರಲ್ಲಿ ನನ್ನ ತಂಗಿಯ ಸ್ಥಿತಿ ಇರುವುದು ಅಪರೂಪ, ಆದರೂ ಮೂತ್ರ ಹಿಡಿಸಿ. ಡಿ ಇಷ್ಟು ಕಡಿಮೆ ಇರುವಾಗ ಮೂತ್ರದ ಕ್ಯಾಲ್ಸಿಯಂ ಸುಳ್ಳಾಗಿ ಕಡಿಮೆ ತೋರಬಹುದು, ಹಾಗೆ ಬಂದರೆ ಡಿ ತುಂಬಿಸಿ ಮತ್ತೊಮ್ಮೆ ಹಿಡಿಸಬೇಕು.

ಹಾಸನದ ಟೀಚರ್
388 ನನ್ನಷ್ಟಲ್ಲ, ಆದರೂ ಕಡಿಮೆಯೇನಲ್ಲ. ಆಪರೇಷನ್ ಆದ ಮೇಲೆ ನಾಲ್ಕೈದು ದಿನ ದಿನಕ್ಕೆರಡು ಸಲ ಕ್ಯಾಲ್ಸಿಯಂ ನೋಡುತ್ತೀರಾ, ಫಾಸ್ಫರಸ್ ಮತ್ತು ಮೆಗ್ನೀಸಿಯಂ ಕೂಡ ನೋಡುತ್ತೀರಾ ಎಂದು ಮೊದಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಹೇಳಿದ ಮೊತ್ತದ ಅರ್ಧದಷ್ಟನ್ನು ಹೆಚ್ಚಿಗೆ ಹೊಂದಿಸಿಟ್ಟುಕೊಳ್ಳಿ.

ಕುಂದಾಪುರ–ದುಬೈ
ಯಾರು ಏನೇ ಹೇಳಲಿ, ವಾರಕ್ಕೊಂದೋ ದಿನಕ್ಕೊಂದೋ ಎಂದು ಚೀಟಿಯನ್ನು ಎರಡು ಸಲ ಓದಿಸಿ. ಅದನ್ನಾದರೂ ನನ್ನಿಂದ ತೆಗೆದುಕೊಳ್ಳಿ.

ನಿವೃತ್ತ, ಮೈಸೂರು
ಮುಂಗೈ ಸ್ಕ್ಯಾನಿಗೆ ಬುಧವಾರ ಹೋಗುತ್ತಿದ್ದೇನೆ. ರಾಗಿಯ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.